ಅಕ್ಕನಿಗೆ ತೊಟ್ಟಿಲ ಕರೆ

ಕೊಪ್ಪಳ, 30 ನವೆಂಬರ್ 2025

ಅಕ್ಕಾ,

ಫೋನ್ ಮಾಡೋಣ ಅಂತ ಮೂರು ಸಲ ನಿನ್ನ ನಂಬರ್ ತೆಗೆದೆ, ಮತ್ತೆ ಇಟ್ಟುಬಿಟ್ಟೆ. ಮಾತಾಡುವಾಗ ನನ್ನ ಬಾಯಿಂದ ಏನಾದರೂ ಹೆಚ್ಚುಕಮ್ಮಿ ಬರುತ್ತೆ, ನಿನಗೆ ಗೊತ್ತಲ್ಲ. ಅದಕ್ಕೆ ಮೆಸೇಜೇ ವಾಸಿ ಅನ್ನಿಸಿತು.

ನನಗೆ ಮಗ ಹುಟ್ಟಿದ್ದಾನೆ. ನಿನ್ನ ಕಿವಿಗೆ ಬಿದ್ದಿರಬಹುದು, ಆದರೂ ನಾನೇ ಹೇಳಬೇಕಲ್ವಾ. ತಾಯಿ, ಮಗು ಇಬ್ಬರೂ ಆರಾಮ. ಡಿಸೆಂಬರ್ 14, ಭಾನುವಾರ, ನಮ್ಮ ಮನೆಯಲ್ಲೇ ತೊಟ್ಟಿಲು ಇಟ್ಟುಕೊಂಡಿದ್ದೇವೆ. ಬೆಳಿಗ್ಗೆ 11ಕ್ಕೆ ಹೆಸರು ಇಡೋದು, ಆಮೇಲೆ ಊಟ. ಮನೆಮಂದಿ ಅಷ್ಟೇ, ನಲವತ್ತು ಜನ ಆಗಬಹುದು. ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಜೊತೆಗೆ ಗುಗ್ಗರಿ.

ಕಿವಿಯಲ್ಲಿ ಹೆಸರು ಹೇಳೋಕೆ ಸೋದರತ್ತೆ ಬೇಕು. ನನಗಿರೋ ಅಕ್ಕ ನೀನೊಬ್ಬಳೇ. ಮಗಳ ತೊಟ್ಟಿಲಲ್ಲಿ ನೀನು "ಕುರ್ರ್" ಅಂದ ಕೂಡಲೇ ನನ್ನ ಹೆಂಡತಿ ಕಡೆಯ ಹೆಂಗಸರು ಬೆನ್ನಿಗೆ ಗುದ್ದಿದ್ದು ನೆನಪಿದೆಯಾ? ನೀನು ನಕ್ಕು ನಕ್ಕು, ಹೆಸರು ಎರಡನೇ ಸಲ ಹೇಳಬೇಕಾಯ್ತು. ಮಗಳಿಗೆ ಈಗ ಏಳು ವರ್ಷ. ಆ ಕಥೆ ಅವ್ವನ ಹತ್ತಿರ ದಿನಾ ಕೇಳ್ತಾಳೆ.

ಈ ಸಲ ಅಪ್ಪನ ಹೆಸರು ಇಡಬೇಕು ಅಂತ ಅವ್ವನ ಆಸೆ. ಅದನ್ನ ನೀನೇ ಹೇಳಿದರೆ ಚೆಂದ.

ಅವತ್ತು ಬೇರೆ ಯಾವ ಮಾತೂ ಬರಲ್ಲ. ಕಾಕಾ ಪಂಕ್ತಿಯಲ್ಲಿ ಕೂತರೆ ಏನಾದರೂ ಶುರು ಮಾಡ್ತಾರೆ ಅಂತ ಬಡಿಸೋ ಕೆಲಸ ಅವರಿಗೇ ವಹಿಸಿದ್ದೇನೆ. ಹೋಳಿಗೆ ಪುಟ್ಟಿ ಕೈಯಲ್ಲಿದ್ದರೆ ಅವರಿಗೆ ಬೇರೇನೂ ನೆನಪಾಗಲ್ಲ. ನಾನೂ ತೆಗೆಯಲ್ಲ, ಅವತ್ತೂ ಇಲ್ಲ, ಆಮೇಲೂ ಇಲ್ಲ.

ಮೆಸೇಜಿನಲ್ಲಿ ಕರೆದು ಮುಗಿಸಿದ ಅಂತ ತಿಳಿಯಬೇಡ. ನೀನು ಹೂಂ ಅಂದರೆ 4ನೇ ತಾರೀಖು, ಗುರುವಾರ, ಅವ್ವನನ್ನ ಕರಕೊಂಡು ಸಿಂಧನೂರಿಗೆ ಬರ್ತೇನೆ. ಕುಂಕುಮ ಹಚ್ಚಿ, ಮಾವನವರಿಗೂ ನಾನೇ ಹೇಳ್ತೇನೆ. ಮೊದಲು ನೀನು ಅವರ ಕಿವಿಗೆ ಒಂದು ಮಾತು ಹಾಕಿಡು. ಅವರಿಗೆ ಬರೋ ಮನಸ್ಸಿಲ್ಲ ಅಂದರೆ ಒತ್ತಾಯ ಮಾಡಬೇಡ, ಮಕ್ಕಳ ಜೊತೆ ನೀನು ಬಾ. ಕಾರಟಗಿ, ಗಂಗಾವತಿ ಮೇಲೆ ಬಸ್ ಇದ್ದೇ ಇವೆ. ನಿನಗಂತೂ ಟಿಕೆಟ್ ಫ್ರೀ, ಆಧಾರ್ ಕಾರ್ಡ್ ಮಾತ್ರ ಮರೀಬೇಡ. ಬಸ್ ಸ್ಟ್ಯಾಂಡಿಗೆ ನಾನು ಬರ್ತೇನೆ. ಬಟ್ಟೆ, ಬೆಳ್ಳಿ ಅಂತ ಏನೂ ತರಬೇಡ.

ಆಗಲ್ಲ ಅಂದರೂ ನನಗೆ ಬೇಜಾರಿಲ್ಲ, "ಇಲ್ಲ" ಅಂತ ಒಂದು ಮಾತು ಬರಿ ಸಾಕು. ಗುಗ್ಗರಿ ಡಬ್ಬಿ ಹೇಗಾದರೂ ಕಳಿಸ್ತೇನೆ.

ಬರೋದಾದರೆ ಬೆನ್ನು ಗಟ್ಟಿ ಮಾಡ್ಕೊಂಡು ಬಾ. ಈ ಸಲ ಗುದ್ದೋಕೆ ನಿನ್ನ ಸೊಸೆನೂ ಕಾಯ್ತಿದ್ದಾಳೆ.

ನಿನ್ನ ತಮ್ಮ,
ಮಂಜು