ಹಸ್ತಪ್ರತಿ ಪರಿಶೀಲನಾ ವರದಿ: ಕಾಸರಗೋಡಿನ ಸುರಂಗಗಳ ನೀರಿನ ಹರಿವು

ಮಾನ್ಯ ಸಂಪಾದಕರಿಗೆ,

ಬಾಯಾರು, ಪೈವಳಿಕೆ ಪರಿಸರದ ಸುರಂಗಗಳನ್ನು ಕುರಿತ ಈ ಹಸ್ತಪ್ರತಿಯನ್ನು ಸದ್ಯದ ರೂಪದಲ್ಲಿ ಸ್ವೀಕರಿಸಲಾಗದು. ಪ್ರಮುಖ ತಿದ್ದುಪಡಿಗಳ ನಂತರ ಮರುಪರಿಶೀಲನೆಗೆ ತರಿಸಿಕೊಳ್ಳಬೇಕೆಂದು ಶಿಫಾರಸು ಮಾಡುತ್ತೇನೆ. ಲೇಖಕರು ಯಾರೆಂದು ನನಗೆ ತಿಳಿದಿಲ್ಲ, ಈ ಅಧ್ಯಯನದಲ್ಲಿ ನನ್ನ ಪಾಲೂ ಇಲ್ಲ.

ಸುರಂಗಗಳನ್ನು ಮೊದಲ ಬಾರಿಗೆ ದಾಖಲಿಸುತ್ತಿದ್ದೇವೆಂಬ ಪೀಠಿಕೆಯ ಮಾತು ನಿಲ್ಲುವುದಿಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು ನೀರು ತೆಗೆಯುವ ಈ ಪದ್ಧತಿಯ ಬಗ್ಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಲವು ಬರಹಗಳು ಬಂದಿವೆ. ಇರಾನಿನ ಕನಾತ್‌ಗಳೊಡನೆ ಹೋಲಿಕೆಯೂ ಹಳೆಯದು. ಮೇಲಾಗಿ, ಕನಾತ್‌ಗೆ ಗುಡ್ಡದ ಬುಡದಲ್ಲಿ ತಾಯಿಬಾವಿಯೂ ಉದ್ದಕ್ಕೂ ಲಂಬ ಬಾವಿಗಳ ಸಾಲೂ ಇರುತ್ತವೆ. ನಮ್ಮಲ್ಲಿನ ಸುರಂಗಗಳು ಹೆಚ್ಚಾಗಿ ಒಂದೊಂದು ಮನೆಯ ಕುಡಿಯುವ ನೀರಿಗೆ, ಅಡಿಕೆ ತೋಟಕ್ಕೆ ಸೇರಿದವು. ಈ ಭೇದವನ್ನು ಹೇಳದ ಹೋಲಿಕೆಯನ್ನು ಕೈಬಿಡುವುದೇ ಲೇಸು.

ಈ ಬರಹದ ನಿಜವಾದ ಹೊಸತನವನ್ನು ಲೇಖಕರು ನಾಲ್ಕನೇ ಭಾಗದಲ್ಲಿ ಮುಚ್ಚಿಟ್ಟಂತಾಗಿದೆ. ಜನವರಿಯಿಂದ ಮೇವರೆಗೆ, ಕೊಡ ತುಂಬಲು ಹಿಡಿಯುವ ಸಮಯವನ್ನು ನೋಡಿ, 42 ಸುರಂಗಗಳ ಹರಿವನ್ನು ಎರಡು ಬೇಸಗೆಗಳಲ್ಲಿ ತಿಂಗಳು ತಿಂಗಳು ಅಳೆದದ್ದು ತಾಳ್ಮೆಯ ಕೆಲಸ. ಮುರಕಲ್ಲು ಮುಗಿದು ಶೇಡಿಮಣ್ಣು ಸಿಕ್ಕಿದಾಗ ಎಲ್ಲಿ ನಿಲ್ಲಿಸಬೇಕು, ದೀಪ ಮಂಕಾದರೆ ಯಾಕೆ ಹೊರಬರಬೇಕು ಎಂಬ ಕೊರೆಯುವವರ ವಿವರಣೆಯನ್ನು ಆ ಅಳತೆಗಳ ಪಕ್ಕದಲ್ಲಿಟ್ಟು ಓದುವ ಪ್ರಯತ್ನವನ್ನು ನಾನು ಬೇರೆಲ್ಲೂ ಕಂಡಿಲ್ಲ. ಪೀಠಿಕೆಯನ್ನು ಇದರ ಸುತ್ತಲೇ ಹೊಸದಾಗಿ ಬರೆಯಬೇಕು.

ಆದರೆ ಕೊಳವೆಬಾವಿಗಳಿಂದಲೇ ಸುರಂಗಗಳು ಬತ್ತುತ್ತಿವೆ ಎಂಬ ತೀರ್ಮಾನಕ್ಕೆ ಈ ಅಂಕಿಗಳು ಸಾಲವು. ಎರಡನೇ ವರ್ಷ ಹರಿವು ಇಳಿದಿದ್ದರೆ ಹಿಂದಿನ ಮುಂಗಾರು, ಹಿಂಗಾರು ಎಷ್ಟಾಗಿತ್ತೆಂಬುದನ್ನು ಮೊದಲು ನೋಡಬೇಕಲ್ಲದೆ, ಹತ್ತಿರದಲ್ಲಿ ಕೊಳವೆಬಾವಿ ಇರುವ ಮತ್ತು ಇಲ್ಲದ ಸುರಂಗಗಳನ್ನು ಬೇರ್ಪಡಿಸಿ ತೋರಿಸಬೇಕು. ತೀರ್ಮಾನ ಸರಿಯಿರಲೂಬಹುದು, ಇಲ್ಲಿನ ಕೃಷಿಕರ ಅನುಭವವೂ ಹಾಗೆಯೇ ಹೇಳುತ್ತದೆ. ಪತ್ರಿಕೆಯಲ್ಲಿ ಅಚ್ಚಾಗಬೇಕಾದರೆ ಆಧಾರ ಬೇಕು. ಮೂರನೇ ಕೋಷ್ಟಕದಲ್ಲಿ 17ನೇ ಸುರಂಗದ ಹರಿವು ಫೆಬ್ರವರಿಗಿಂತ ಏಪ್ರಿಲಿನಲ್ಲಿ ಹೆಚ್ಚಿದೆ. ಬೇಸಗೆ ಮಳೆಯ ಮರುದಿನ ಅಳೆದದ್ದೇ, ಬರವಣಿಗೆಯ ತಪ್ಪೇ ಎಂದು ಮೂಲ ಟಿಪ್ಪಣಿ ನೋಡಿ ತಿಳಿಸಬೇಕು. ಅದೇ ಕೋಷ್ಟಕದಲ್ಲಿ ಗಂಟೆಗೆ ಲೀಟರ್ ಎಂದಿರುವುದು ಪಠ್ಯದಲ್ಲಿ ನಿಮಿಷಕ್ಕೆ ಎಂದಾಗಿದೆ.

ಕೊರೆಯುವವರ ಹೆಸರು, ಭಾವಚಿತ್ರಗಳನ್ನು ಬಳಸಲು ಅವರ ಒಪ್ಪಿಗೆ ಪಡೆದಿರುವುದನ್ನು ಲೇಖಕರು ಸ್ಪಷ್ಟಪಡಿಸಲಿ. ಕಾಗುಣಿತದ ದೋಷಗಳನ್ನು ಪ್ರತಿಯ ಅಂಚಿನಲ್ಲಿ ಗುರುತಿಸಿದ್ದೇನೆ.

ತಿರಸ್ಕಾರವನ್ನು ನಾನು ಸೂಚಿಸದಿರುವುದಕ್ಕೆ ಕಾರಣವಿಷ್ಟೆ: ಕೊರತೆಗಳಿರುವುದು ವಾದದಲ್ಲಿ, ಸಂಗ್ರಹಿಸಿದ ಮಾಹಿತಿಯಲ್ಲಲ್ಲ. ಮಳೆಯ ದಾಖಲೆಗಳೊಡನೆ ಹೋಲಿಸಲು ಸಾಧ್ಯವಾಗದಿದ್ದರೆ ಕೊಳವೆಬಾವಿಯ ತೀರ್ಮಾನವನ್ನು ಊಹೆಯೆಂದೇ ಬರೆದರೂ ಲೇಖನ ಪ್ರಕಟಣೆಗೆ ಅರ್ಹವಾಗುತ್ತದೆ. ತಿದ್ದಿದ ಪ್ರತಿಯನ್ನು ಪರಿಶೀಲಿಸಲು ನಾನು ಸಿದ್ಧನಿದ್ದೇನೆ.

ಇತಿ,
ಪರಿಶೀಲಕ, ಕಾಸರಗೋಡು