ಮದುವೆ ಆರ್ಡರಿಗೆ ಬಂದ ಕ್ರೀಮ್ ನೊರೆ ಕಟ್ಟದ ಬಗ್ಗೆ ದೂರು

ಮೈಸೂರು
25 ಫೆಬ್ರವರಿ 2025

ಇವರಿಗೆ,
ಮಾಲೀಕರು,
ಹಾಲು ಮತ್ತು ಹಾಲಿನ ಪದಾರ್ಥಗಳ ಸಗಟು ಸರಬರಾಜು, ಮೈಸೂರು

ಮಾನ್ಯರೇ,

ಕಳೆದ ಶನಿವಾರ, ಫೆಬ್ರವರಿ 22ರಂದು, ಕುವೆಂಪುನಗರದ ಛತ್ರದಲ್ಲಿ 600 ಜನರ ರಿಸೆಪ್ಷನ್ ಊಟ ನಮ್ಮದಿತ್ತು. ಅದಕ್ಕೆ ನಿಮ್ಮಲ್ಲಿ 45 ಲೀಟರ್ ವಿಪ್ಪಿಂಗ್ ಕ್ರೀಮ್ ಹೇಳಿದ್ದೆ. 35% ಕೊಬ್ಬಿನದೇ ಬೇಕು ಅಂತ ಹತ್ತು ದಿನ ಮೊದಲೇ ವಾಟ್ಸಾಪ್‌ನಲ್ಲಿ ಬರೆದಿದ್ದೆ. 'ಸರಿ ಸಾರ್' ಅಂತ ಉತ್ತರವೂ ಬಂದಿತ್ತು. ಆ ಮೆಸೇಜು ಈಗಲೂ ನನ್ನ ಫೋನಿನಲ್ಲಿದೆ.

ಬೆಳಿಗ್ಗೆ 7ಕ್ಕೆ ಬರಬೇಕಿದ್ದ ಮಾಲು ಬಂದದ್ದು 11:30ಕ್ಕೆ, ತೆರೆದ ಗೂಡ್ಸ್ ಆಟೋದಲ್ಲಿ. ಥರ್ಮೋಕೋಲ್ ಡಬ್ಬಿಯೊಳಗಿನ ಐಸ್ ಕರಗಿ ನೀರಾಗಿತ್ತು. ಒಂದು ಪ್ಯಾಕು ಒಡೆದು ಥರ್ಮಾಮೀಟರ್ ಇಟ್ಟರೆ 17 ಡಿಗ್ರಿ ತೋರಿಸಿತು. ಆಗಲೇ ವಾಪಸ್ ಕಳಿಸಬೇಕಿತ್ತು. ಒಲೆ ಮೇಲೆ ನಾಲ್ಕು ಹಂಡೆ ಇದ್ದವು, ಕೈಗೆ ಬಿಡುವಿರಲಿಲ್ಲ. ಹುಡುಗ ಚಲನ್ ಚಾಚಿದ, ಸಹಿ ಹಾಕಿ ಎಲ್ಲ ಫ್ರಿಜ್ಜಿಗೆ ಹಾಕಿಸಿದೆ. ಪ್ಯಾಕುಗಳನ್ನು ಒಂದೊಂದಾಗಿ ನೋಡದೇ ಇಳಿಸಿಕೊಂಡದ್ದು ನನ್ನ ತಪ್ಪು, ಒಪ್ಪುತ್ತೇನೆ.

ಸಂಜೆ 4ಕ್ಕೆ ಮಿಕ್ಸರಿಗೆ ಹಾಕಿದೆವು. ಪಾತ್ರೆ, ವಿಸ್ಕು ಎಲ್ಲ ಫ್ರೀಜರಿನಲ್ಲಿಟ್ಟು ತಣ್ಣಗೆ ಮಾಡಿಕೊಂಡಿದ್ದೆವು. ಮೊದಲ ಸರದಿಗೆ ಎಂಟು ಪ್ಯಾಕು. ಹತ್ತು ನಿಮಿಷ ತಿರುಗಿತು, ಮೇಲೆ ಸ್ವಲ್ಪ ಗುಳ್ಳೆ ಬಂತು. ಮಿಕ್ಸರ್ ನಿಲ್ಲಿಸಿದ ಕೂಡಲೇ ಇಳಿದು ಮಜ್ಜಿಗೆ ಥರ ಆಯಿತು. ಇನ್ನೂ ತಿರುಗಿಸಿದೆವು, ಅಷ್ಟೇ. ಆಮೇಲೆ ಪ್ಯಾಕ್ ತಿರುಗಿಸಿ ಓದಿದರೆ 'ಫ್ರೆಶ್ ಕ್ರೀಮ್, ಕೊಬ್ಬು 25%' ಅಂತಿದೆ! ಪನೀರ್ ಗ್ರೇವಿಗೆ ಹಾಕುವ ಕ್ರೀಮು ಅದು. ಎಲ್ಲ ಎಣಿಸಿದಾಗ 45ರಲ್ಲಿ 36 ಪ್ಯಾಕು ಅದೇ. ಮೇಲಿನ ಸಾಲಿನ 9 ಮಾತ್ರ ನಾನು ಹೇಳಿದ ಮಾಲು. ನಿಮ್ಮ ಬಿಲ್ಲಿನಲ್ಲಿ ಮಾತ್ರ 45ಕ್ಕೂ ವಿಪ್ಪಿಂಗ್ ಕ್ರೀಮಿನ ದರ, ಲೀಟರಿಗೆ 420 ರೂಪಾಯಿ.

ಫೋನ್ ಮಾಡಿದಾಗ ನಿಮ್ಮ ಕಡೆಯವರು 'ಎಲ್ಲಾ ಒಂದೇ ಕ್ರೀಮ್ ಸಾರ್, ಇನ್ನೂ ಸ್ವಲ್ಪ ತಿರುಗಿಸಿ' ಅಂದರು. ಒಂದೇ ಅಲ್ಲ. ಗಾಳಿಗುಳ್ಳೆಯ ಸುತ್ತ ಕೊಬ್ಬಿನ ಕಣಗಳು ಒಂದಕ್ಕೊಂದು ಅಂಟಿಕೊಂಡರೆ ತಾನೇ ಕ್ರೀಮು ನಿಲ್ಲುವುದು? 25%ನಲ್ಲಿ ಅಷ್ಟು ಕೊಬ್ಬೇ ಇಲ್ಲ. ಇದ್ದರೂ ಬೆಚ್ಚಗಾದರೆ ಮೆತ್ತಗಾಗಿ ಗಾಳಿಯನ್ನು ಹಿಡಿಯುವುದಿಲ್ಲ. ಸರಿಯಾದ 9 ಪ್ಯಾಕೂ ಮೊದಲು ಕೈಕೊಟ್ಟವು. ಐಸಿನಲ್ಲಿ ಹೂತಿಟ್ಟು 7 ಗಂಟೆಗೆ ಮತ್ತೆ ಹೊಡೆದಾಗ ಗಟ್ಟಿಯಾಗಿ ನಿಂತವು. ಹಾಗಾಗಿ ನಮ್ಮ ಮಿಕ್ಸರಿನ ದೋಷ ಅಂತ ಹೇಳಬೇಡಿ.

ಕಾರ್ಡಿನಲ್ಲಿ 'ಫ್ರೂಟ್ ಕ್ರೀಮ್' ಅಂತ ಅಚ್ಚಾಗಿತ್ತು. ದ್ರಾಕ್ಷಿ, ಸಪೋಟ, ದಾಳಿಂಬೆ ಎಲ್ಲ ಬಿಡಿಸಿಟ್ಟಾಗಿತ್ತು. ಬೇಕರಿಯವರು ಬಳಸುವ ಎಣ್ಣೆಯ ಟಾಪಿಂಗ್ ಬೇಡ, ಹಾಲಿನದ್ದೇ ಆಗಬೇಕು ಅಂತ ಹೆಣ್ಣಿನ ತಂದೆ ಮೊದಲೇ ಹೇಳಿದ್ದರು. ಕೊನೆಗೆ ಐಸ್‌ಕ್ರೀಂ ತರಿಸಿ ಹಣ್ಣಿನ ಮೇಲೆ ಹಾಕಿ ಬಡಿಸಿದೆವು. ನೊರೆ ಕಟ್ಟಿದ ಒಂದಿಷ್ಟು ಕ್ರೀಮು ಬೀಗರ ಪಂಕ್ತಿಗೆ ಸಾಲಿತು. ಹೆಣ್ಣಿನ ತಂದೆ ಬೈಯಲಿಲ್ಲ. ಲೆಕ್ಕ ಮುಗಿಸುವಾಗ ಸುಮ್ನೆ 12,000 ರೂಪಾಯಿ ಹಿಡಿದುಕೊಂಡರು. ಬೈದಿದ್ದರೇ ವಾಸಿಯಿತ್ತು.

ಈಗ ಲೆಕ್ಕಕ್ಕೆ ಬರುತ್ತೇನೆ. ಸರಿಯಾದ 9 ಲೀಟರಿಗೆ 3,780 ರೂಪಾಯಿ ನಿಮಗೆ ಸಲ್ಲಬೇಕು. ಫ್ರೆಶ್ ಕ್ರೀಮಿನಲ್ಲಿ 6 ಲೀಟರ್ ಗ್ರೇವಿಗೆ ಬಳಸಿದ್ದೇನೆ. ಅದಕ್ಕೆ ನಿಮ್ಮದೇ ದರದಲ್ಲಿ, 220ರಂತೆ, 1,320. ಹೊಡೆದು ಹಾಳಾದ 8 ಲೀಟರಿಗೆ ನಾನು ದುಡ್ಡು ಕೊಡುವುದಿಲ್ಲ. ಒಡೆಯದ 22 ಪ್ಯಾಕು ನಮ್ಮ ಫ್ರಿಜ್ಜಿನಲ್ಲಿವೆ, ತೆಗೆದುಕೊಂಡು ಹೋಗಿ. ನಾನು ಕೊಟ್ಟ ಮುಂಗಡ 10,000ದಲ್ಲಿ 5,100 ಕಳೆದು 4,900 ವಾಪಸ್ ಬರಬೇಕು. ಅದರ ಜೊತೆ ನನಗೆ ಕಡಿತವಾದ 12,000. ಒಟ್ಟು 16,900 ರೂಪಾಯಿ. ಐಸ್‌ಕ್ರೀಂ ಖರ್ಚು ಕೇಳುತ್ತಿಲ್ಲ, ಹೇಗಿದ್ದರೂ ಒಂದು ಸಿಹಿ ಬಡಿಸಲೇಬೇಕಿತ್ತು. ಪ್ಯಾಕುಗಳ, ಥರ್ಮಾಮೀಟರಿನ, ಬಿಲ್ಲಿನ ಫೋಟೋಗಳನ್ನು ವಾಟ್ಸಾಪ್ ಮಾಡಿದ್ದೇನೆ.

ಎಂಟು ವರ್ಷದಿಂದ ನಿಮ್ಮಲ್ಲೇ ಹಾಲು, ಮೊಸರು, ಪನೀರ್ ತೆಗೆದುಕೊಳ್ಳುತ್ತಿದ್ದೇನೆ. ಸ್ಟಾಕ್ ಕಡಿಮೆ ಬಿದ್ದಿದ್ದರೆ ಶುಕ್ರವಾರ ಒಂದು ಫೋನ್ ಮಾಡಬಹುದಿತ್ತು ಅಲ್ವಾ? ಬೆಂಗಳೂರಿನಿಂದಾದರೂ ತರಿಸಿಕೊಳ್ಳುತ್ತಿದ್ದೆ. ಮಾಲು ಇಲ್ಲದ್ದಕ್ಕೆ ನನಗೆ ಸಿಟ್ಟಿಲ್ಲ. ಬೇರೆಯದನ್ನು ಕೆಳಗಿಟ್ಟು, ಸರಿಯಾದದ್ದನ್ನು ಮೇಲಿಟ್ಟು ಕಳಿಸಿದ್ದಕ್ಕೆ ಸಿಟ್ಟು.

ಮಾರ್ಚ್ 5ರೊಳಗೆ ಹಣ ಕೊಟ್ಟು ಉಳಿದ ಪ್ಯಾಕು ಒಯ್ಯಬೇಕಾಗಿ ಕೋರುತ್ತೇನೆ. ಇಲ್ಲವಾದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಮಾರ್ಚ್ 9ರ ನಾಮಕರಣಕ್ಕೆ ಹೇಳಿದ್ದ ಪನೀರು, ಮೊಸರು ಅಲ್ಲಿಯವರೆಗೆ ತಡೆಹಿಡಿಯಿರಿ.

ಇಂತಿ,
ರಮೇಶ
ಅಡುಗೆ ಕಾಂಟ್ರಾಕ್ಟರ್, ಸರಸ್ವತಿಪುರಂ, ಮೈಸೂರು