ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯಲ್ಲಿ ಮೊದಲ ದಿನದ ಪರಿಚಯದ ಮಾತು

ಎಲ್ಲರಿಗೂ ನಮಸ್ಕಾರ.

ನಾನು ಶಾಕಂಭರಿ ಮೆಣಸಿನಕಾಯಿ. ನಗಬೇಕೆನ್ನಿಸಿದವರು ಈಗಲೇ ನಕ್ಕುಬಿಡಿ, ನಾನು ಕಾಯುತ್ತೇನೆ. ಇಂದಿನಿಂದ ಗುಣಮಟ್ಟ ತಪಾಸಣಾ ವಿಭಾಗದಲ್ಲಿ ಇರುತ್ತೇನೆ. ನೀವು ಎರಕ ಹೊಯ್ದು ಕಳಿಸಿದ್ದರಲ್ಲಿ ಬಿರುಕು, ಗಾಳಿಗುಳ್ಳೆ ಹುಡುಕುವುದು ನನ್ನ ಕೆಲಸ. ಹಾಗಾಗಿ ನನ್ನ ಹೆಸರನ್ನು ಸಿಟ್ಟಿನಲ್ಲಿ ಕೂಗುವ ಸಂದರ್ಭಗಳೂ ಬರಬಹುದು. ಹೇಗೆ ಕೂಗಬೇಕೆಂದು ಮೊದಲೇ ಹೇಳಿಬಿಡುತ್ತೇನೆ.

ನನ್ನ ಊರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಬಾದಾಮಿಯ ಬನಶಂಕರಿ ನಮ್ಮ ಮನೆದೇವರು, ಶಾಕಂಭರಿ ಎಂಬುದು ಆಕೆಯದೇ ಇನ್ನೊಂದು ಹೆಸರು. ಬರಗಾಲದಲ್ಲಿ ಕಾಯಿಪಲ್ಯ ಕೊಟ್ಟು ಜನರನ್ನು ಉಳಿಸಿದವಳು ಎಂದು ಪುರಾಣ. ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಆಕೆಗೆ 108 ಬಗೆಯ ಪಲ್ಯಗಳ ನೈವೇದ್ಯ ಆಗುತ್ತದೆ. ಇನ್ನು ಅಡ್ಡಹೆಸರು. ನಮ್ಮ ಮುತ್ತಜ್ಜ ಬ್ಯಾಡಗಿಯಿಂದ ಒಣ ಮೆಣಸಿನಕಾಯಿ ತಂದು ಸಂತೆಯಲ್ಲಿ ಮಾರುತ್ತಿದ್ದರಂತೆ. ವ್ಯಾಪಾರ ಅವರೊಂದಿಗೇ ಮುಗಿಯಿತು, ಖಾರ ಮಾತ್ರ ನಮಗೆ ಉಳಿಯಿತು. ಹೀಗೆ ನನ್ನ ಹೆಸರಿನಲ್ಲಿ ಕಾಯಿಪಲ್ಯವೂ ಇದೆ, ಮೆಣಸಿನಕಾಯಿಯೂ ಇದೆ. ಉಪ್ಪು ನೀವು ಹಾಕಿಕೊಳ್ಳಿ.

ಕರೆಯುವುದಕ್ಕೆ ಪೂರ್ತಿ ಹೆಸರೇ ಬೇಕೆಂದಿಲ್ಲ. ಯಂತ್ರಗಳ ಸದ್ದಿನಲ್ಲಿ ಅಷ್ಟುದ್ದ ಹೆಸರು ಅರ್ಧ ದಾರಿಯಲ್ಲೇ ಕಳೆದುಹೋಗುತ್ತದೆ. 'ಶಾಕು' ಎಂದರೆ ಸಾಕು. ಆದರೆ ಶಕಾರವನ್ನು ಸಕಾರ ಮಾಡಬೇಡಿ. 'ಸಾಕು' ಎಂದು ಕೂಗಿದರೆ ಕೈಯಲ್ಲಿದ್ದ ಅಳತೆಪಟ್ಟಿ ಇಟ್ಟು ಮನೆಗೆ ಹೊರಟುಬಿಡುತ್ತೇನೆ. ಭಕಾರಕ್ಕೆ ಉಸಿರು ಕೊಡದೆ 'ಶಾಕಂಬರಿ' ಎಂದರೂ, ಮಧ್ಯದಲ್ಲಿ ಎಳೆದು 'ಶಾಕಾಂಬರಿ' ಎಂದರೂ ಬೇಸರವಿಲ್ಲ. ನಮ್ಮ ಅಜ್ಜಿಯೇ ಹಾಗೆ ಕರೆಯುತ್ತಾರೆ. ಬೆಳಿಗ್ಗೆ ಗೇಟಿನಲ್ಲಿ ಹಿರಿಯರೊಬ್ಬರು 'ತಾಯಿ' ಎಂದರು. ಮರಾಠಿಯಲ್ಲಿ ಅದು ಅಕ್ಕ ಎಂದು ಗೊತ್ತಿದ್ದುದರಿಂದ ಗಾಬರಿಯಾಗಲಿಲ್ಲ. ನನಗಿಂತ ಚಿಕ್ಕವರು ಅಕ್ಕ ಎನ್ನಿ, ತಾಯಿ ಎನ್ನಿ, ಎರಡಕ್ಕೂ ತಿರುಗಿ ನೋಡುತ್ತೇನೆ. 'ಮೇಡಂ' ಮಾತ್ರ ಬೇಡ. ಆ ಹೆಸರಿನವರು ಪ್ರತಿ ಕಚೇರಿಯಲ್ಲೂ ಹತ್ತು ಜನ ಇರುತ್ತಾರೆ.

'ಮೆಣಸಿನಕಾಯಿ' ಎಂದೇ ಕರೆಯುವೆ ಎನ್ನುವವರಿಗೂ ನನ್ನ ತಕರಾರಿಲ್ಲ. ಕಾಲೇಜಿನಲ್ಲಿ ನಾಲ್ಕು ವರ್ಷ ಅದೇ ನಡೆಯಿತು. 'ಮಿರ್ಚಿ' ಎಂದು ಚಿಕ್ಕದು ಮಾಡುವುದಕ್ಕೆ ಮಾತ್ರ ಒಪ್ಪಿಗೆ ಇಲ್ಲ. ಅದು ಸಂಜೆ ಚಹಾದ ಜೊತೆಗಿರಲಿ.

ಲೆಕ್ಕಪತ್ರ ವಿಭಾಗದವರಲ್ಲಿ ಒಂದು ವಿನಂತಿ. ಇಂಗ್ಲಿಷಿನಲ್ಲಿ ಬರೆಯುವಾಗ ನನ್ನ ಹೆಸರಿನಲ್ಲಿ ಬಿ ಆದ ಮೇಲೆ ಎಚ್ ಇದೆ: Shakambhari. ಆಧಾರ್ ಮತ್ತು ಬ್ಯಾಂಕ್ ಖಾತೆ ಎರಡರಲ್ಲೂ ಹೀಗೇ ಇದೆ. ಬಾಯಲ್ಲಿ ಆ ಎಚ್ ಅನ್ನು ನುಂಗಿದರೂ ನಡೆಯುತ್ತದೆ, ಸಂಬಳದ ಕಾಗದದಲ್ಲಿ ನುಂಗಬೇಡಿ.

ನನ್ನದು ಇಷ್ಟು. ಈಗ ನೀವು ಒಬ್ಬೊಬ್ಬರಾಗಿ ನಿಮ್ಮ ಹೆಸರು ಹೇಳಿ. ಅಡ್ಡಹೆಸರು ಬಿಡಬೇಡಿ, ಇಲ್ಲಿ ಬೆಲ್ಲದ, ಉಳ್ಳಾಗಡ್ಡಿ ಯಾರಾದರೂ ಇದ್ದಾರೆಯೇ ಎಂದು ನನಗೆ ತಿಳಿಯಬೇಕಿದೆ.